ಹಸಿರು ಒಡಲು, ಕೆಂಪು ಸೆರಗು

ಕುಷ್ಟಗಿ

ಚಿ. ಸಹನಾಗೆ ಅಜ್ಜಿಯ ಆಶೀರ್ವಾದಗಳು.

ಇತ್ತ ನಾವೆಲ್ಲ ಕ್ಷೇಮ. ನಿನ್ನ ಕಾಕಾ ಹೊಲಕ್ಕೆ ಹೋಗಿದ್ದಾನೆ, ಚಿಗವ್ವ ತವರಿಗೆ ಹೋಗಿದ್ದಾಳೆ. ಮನೆಯಲ್ಲಿ ನಾನೊಬ್ಬಳೇ. ಹಾಗಾಗಿ ಇವತ್ತು ನಿನಗೆ ಸಮಾಧಾನವಾಗಿ ಬರೆಯಬಹುದು ಅಂತ ಕೂತಿದ್ದೇನೆ.

ಮೊನ್ನೆ ಫೋನಿನಲ್ಲಿ ನೀನು ಕೇಳಿದೆಯಲ್ಲ, ‘ಅಜ್ಜಿ, ನಿಮ್ಮ ಮದುವೆ ಫೋಟೋದಲ್ಲಿ ಆ ಸೀರೆ ಯಾವ ಬಣ್ಣದ್ದು?’ ಅಂತ. ಆಮೇಲೆ ನಾನೂ ಫೋಟೋ ತೆಗೆದು ಕಿಟಕಿ ಹತ್ತಿರ ಹಿಡಿದು ನೋಡಿದೆ. ನೀನು ಕೇಳಿದ್ದು ಸರಿ. ಒಡಲು, ದಡಿ, ಸೆರಗು ಎಲ್ಲಾ ಒಂದೇ ಬೂದಿ ಬಣ್ಣವಾಗಿ ಕಾಣುತ್ತವೆ. ಹೆಗಲ ಮೇಲೆ ಬಿಳಿ ಪಟ್ಟಿ ಮಾತ್ರ ಎದ್ದು ಕಾಣುತ್ತದೆ. ಕಪ್ಪು-ಬಿಳುಪು ಫೋಟೋದಲ್ಲಿ ಕೆಂಪು, ಹಸಿರು ಎರಡೂ ಎಷ್ಟೋ ಸಲ ಒಂದೇ ಥರ ಬರುತ್ತವೆ. ನನ್ನ ಸೀರೆಯಲ್ಲಿ ಇದ್ದದ್ದು ಆ ಎರಡೇ ಬಣ್ಣ. ಒಡಲು ಗಿಣಿಹಸಿರು, ದಡಿ ಮತ್ತು ಸೆರಗು ಕೆಂಪು. ಸೆರಗಿನಲ್ಲಿ ಬಿಳಿ.

ಅದು ಇಳಕಲ್ ಸೀರೆ. ಪೂರ ರೇಷ್ಮೆಯದು. ಆಗೆಲ್ಲ ನಮ್ಮ ಕಡೆ ಹೆಂಗಸರು ದಿನಾ ಉಡುತ್ತಿದ್ದದ್ದು ಇಳಕಲ್ ಸೀರೆಯೇ, ಆದರೆ ಅದರ ಒಡಲು ಹತ್ತಿಯದು, ಸೆರಗು ಮಾತ್ರ ರೇಷ್ಮೆ. ನನ್ನ ಅವ್ವನ ಮದುವೆಯ ಸೀರೆಯೂ ಹಾಗೇ ಇತ್ತು. ನನ್ನ ಮದುವೆ 1968ರಲ್ಲಿ. ಆಗ ನಮ್ಮ ಕುಷ್ಟಗಿ ರಾಯಚೂರು ಜಿಲ್ಲೆಯಲ್ಲಿತ್ತು, ಇಳಕಲ್ಲು ವಿಜಾಪುರ ಜಿಲ್ಲೆಯಲ್ಲಿತ್ತು. ಕೊಪ್ಪಳ, ಬಾಗಲಕೋಟೆ ಬೇರೆ ಜಿಲ್ಲೆ ಆದದ್ದು 1997ರಲ್ಲಿ. ಕಾಗದದ ಮೇಲೆ ಜಿಲ್ಲೆ ಬೇರೆ ಇದ್ದರೂ ಜವಳಿಗೆ, ಸಂಬಂಧಕ್ಕೆ ನಮಗೆ ಹತ್ತಿರ ಇಳಕಲ್ಲೇ. ನನ್ನ ಸೋದರಮಾವ ಅಲ್ಲೇ ಇದ್ದ. ಅವನಿಗೆ ಹೆಣ್ಣುಮಕ್ಕಳಿರಲಿಲ್ಲ. ಮದುವೆ ಗೊತ್ತಾದ ದಿನವೇ ‘ಸೀರಿ ನಂದು, ಒಡಲೂ ರೇಷ್ಮಿ, ಸೆರಗೂ ರೇಷ್ಮಿ’ ಅಂದುಬಿಟ್ಟ. ಆ ವರ್ಷದ ಶೇಂಗಾ ಮಾರಿದ ದುಡ್ಡು ಅದಕ್ಕೇ ಹೋಯಿತು ಅಂತ ಅತ್ತಿ ಆಮೇಲೆ ಹೇಳಿದಳು. ಬೇಜಾರಿನಿಂದಲ್ಲ, ಹೆಮ್ಮೆಯಿಂದ.

ಯುಗಾದಿ ಮುಗಿದ ಮೇಲೆ ನಾನು ಮಾವನ ಮನೆಗೆ ಹೋಗಿ ಎಂಟು ದಿನ ಇದ್ದೆ. ಅವನ ಮನೆಗೆ ಎದುರಾಗಿ ನೇಕಾರರ ಮನೆ. ನನ್ನ ಸೀರೆ ನೇಯ್ದದ್ದು ಅದೇ ಮನೆಯಲ್ಲಿ. ಪಡಸಾಲೆ ದಾಟಿದರೆ ಕುಣಿ ಮಗ್ಗ. ನೆಲದಲ್ಲಿ ಕುಣಿ ತೋಡಿರುತ್ತಾರೆ, ಅದರಲ್ಲಿ ಕಾಲು ಇಳಿಬಿಟ್ಟು ನೆಲದ ಮಟ್ಟಕ್ಕೆ ಕೂತು ನೇಯುತ್ತಾರೆ. ಕುಣಿಯ ತಂಪಿಗೆ ಎಳೆ ಬೇಗ ಒಣಗಿ ಹರಿಯುವುದಿಲ್ಲ ಅನ್ನುತ್ತಿದ್ದರು. ಆ ಬಿಸಿಲಿನಲ್ಲೂ ಆ ಕೋಣೆ ತಣ್ಣಗೆ ಇರುತ್ತಿತ್ತು. ಮನೆಯ ಯಜಮಾನನಿಗೆ ನಾನು ಕಾಕಾ ಅನ್ನುತ್ತಿದ್ದೆ. ಅವನ ತಾಯಿಗೆ ಊರೆಲ್ಲ ಆಯಿ ಅನ್ನುತ್ತಿತ್ತು.

ಈಗ ನಿನಗೆ ಮುಖ್ಯವಾದ ವಿಷಯ ಹೇಳುತ್ತೇನೆ. ನೀನು ಇಂಥದೇ ಒಂದು ಸೀರೆ ಬೆಂಗಳೂರಿನ ಅಂಗಡಿಯಲ್ಲಿ ನೋಡಿದೆ ಅಂದೆಯಲ್ಲ, ಅದಕ್ಕೇ ಹೇಳುವುದು. ಇಳಕಲ್ ಸೀರೆಯನ್ನು ಇಳಕಲ್ ಸೀರೆ ಮಾಡುವುದು ಬಣ್ಣ ಅಲ್ಲ, ದಡಿಯೂ ಅಲ್ಲ. ಒಡಲಿಗೂ ಸೆರಗಿಗೂ ನಡುವೆ ಇರುವ ಕೊಂಡಿ.

ಬೇರೆ ಎಷ್ಟೋ ಸೀರೆಗಳಲ್ಲಿ ಏನು ಮಾಡುತ್ತಾರೆ? ಮಗ್ಗದ ಮೇಲೆ ಉದ್ದಕ್ಕೆ ಒಂದೇ ಹಾಸು ಎಳೆದಿರುತ್ತಾರೆ. ಅದು ಹಸಿರಾಗಿದ್ದರೆ ಈ ತುದಿಯಿಂದ ಆ ತುದಿವರೆಗೆ ಹಸಿರೇ. ಸೆರಗು ಬಂದಾಗ ಲಾಳಿಯಲ್ಲಿ ಕೆಂಪು ಕಂಡಿಕೆ ಹಾಕುತ್ತಾರೆ, ಅಷ್ಟೇ. ಹಾಸು ಹಸಿರು, ಹೊಕ್ಕು ಕೆಂಪು. ಎರಡೂ ಸೇರಿ ಸೆರಗು ಒಂಥರಾ ಮಂಕಾಗಿ, ಕಂದು ಛಾಯೆಯಲ್ಲಿ ಬರುತ್ತದೆ. ಅಪ್ಪಟ ಕೆಂಪು ಬರುವುದಿಲ್ಲ. ಬರಲು ಸಾಧ್ಯವೂ ಇಲ್ಲ, ಅಡಿಯಲ್ಲಿ ಹಸಿರು ಎಳೆ ಇದೆಯಲ್ಲ.

ನಮ್ಮ ಸೀರೆಯಲ್ಲಿ ಸೆರಗಿಗೆ ಬೇರೆಯೇ ಹಾಸು. ಒಡಲಿನದು ಹಸಿರು ಹಾಸು, ಸೆರಗಿನದು ಕೆಂಪು ಹಾಸು, ಎರಡನ್ನೂ ಬೇರೆ ಬೇರೆ ತಯಾರು ಮಾಡುತ್ತಾರೆ. ಒಡಲಿನಲ್ಲಿ ಎಷ್ಟು ಎಳೆ ಇವೆಯೋ ಸೆರಗಿನಲ್ಲೂ ಅಷ್ಟೇ ಎಳೆ ಇರಬೇಕು. ಆಮೇಲೆ ಒಂದೊಂದು ಹಸಿರು ಎಳೆಗೆ ಒಂದೊಂದು ಕೆಂಪು ಎಳೆಯನ್ನು ಕೈಯಿಂದ ಕೊಂಡಿ ಹಾಕಿ ಸೇರಿಸುತ್ತಾರೆ. ಗಂಟು ಅಲ್ಲ, ಕೊಂಡಿ. ಇಬ್ಬರು ಕಿರುಬೆರಳಿಗೆ ಕಿರುಬೆರಳು ಸಿಕ್ಕಿಸಿ ಎಳೆದಾಡುತ್ತೀರಲ್ಲ, ಹಾಗೆ. ಹಸಿರು ಎಳೆ ತುದಿಯಲ್ಲಿ ಮಡಿಕೆಯಾಗಿ ನಿಂತಿರುತ್ತದೆ. ಅದರೊಳಗೆ ಕೆಂಪು ಎಳೆಯ ಮಡಿಕೆ ಹಾದು ಬರುತ್ತದೆ. ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಇಡೀ ಅಗಲಕ್ಕೆ ಹೀಗೆ ಸಾವಿರಾರು ಕೊಂಡಿ. ಅದಕ್ಕೇ ಈ ಸೆರಗು ಬೇಕು ಅಂದರೆ ಒಂದೊಂದು ಸೀರೆಗೂ ಬೇರೆ ಬೇರೆ ಹಾಸು ಹೂಡಬೇಕು. ಒಮ್ಮೆ ಉದ್ದಕ್ಕೆ ಹಾಸು ಎಳೆದು ಸಾಲಾಗಿ ನಾಲ್ಕಾರು ಸೀರೆ ನೇಯ್ದು ಕತ್ತರಿಸುವ ಹಾಗಿಲ್ಲ.

ನನ್ನ ಸೀರೆಗೆ ಕೊಂಡಿ ಹಾಕುವ ದಿನ ನಾನು ಬೆಳಿಗ್ಗೆಯೇ ಹೋಗಿ ಕೂತಿದ್ದೆ. ಆಯಿ ಬಾಗಿಲ ಬೆಳಕಿಗೆ ಮುಖ ಮಾಡಿ ಕೂತಿದ್ದಳು. ಒಬ್ಬರು ಎಳೆ ಬಿಡಿಸಿ ಮುಂದೆ ಚಾಚಬೇಕು, ಇನ್ನೊಬ್ಬರು ಹಿಡಿದು ಕೊಂಡಿ ಹಾಕಬೇಕು. ಅವಳ ಸೊಸೆ ಎಳೆ ಕೊಡುತ್ತಿದ್ದಳು, ಆಯಿ ಹಾಕುತ್ತಿದ್ದಳು. ಮಾತಿಲ್ಲ. ಮಾತಾಡಿದರೆ ಎಳೆ ತಪ್ಪುತ್ತದೆ. ರೇಷ್ಮೆ ಎಳೆ ಎಷ್ಟು ಸಣ್ಣ ಅಂದರೆ ನನಗೆ ಮೊದಲು ಕಾಣಲೇ ಇಲ್ಲ, ಅವಳ ಬೆರಳು ಮಾತ್ರ ಗಾಳಿಯಲ್ಲಿ ಏನೋ ಹಿಡಿದು ತಿರುವಿದ ಹಾಗೆ ಕಾಣುತ್ತಿತ್ತು. ತಲೆ ಓರೆ ಮಾಡಿದಾಗ ಬೆಳಕು ಬಿದ್ದು ಕೆಂಪು ಎಳೆ ಮಿನುಗಿತು. ಆಗ ಗೊತ್ತಾಯಿತು.

ಹೊತ್ತು ಏರಿದ ಮೇಲೆ ಸೊಸೆ ರೊಟ್ಟಿ ಬಡಿಯಲು ಎದ್ದಳು. ಆಯಿ ನನ್ನ ಕಡೆ ತಿರುಗಿ, ‘ಏನವ್ವಾ, ಸುಮ್ನ ಕುಂತು ನೋಡ್ತೀಯೋ, ಎಳಿ ಕೊಡ್ತೀಯೋ?’ ಅಂದಳು. ನಾನು ಕೈ ತೊಳೆದು ಒರೆಸಿಕೊಂಡು ಕೂತೆ. ಒದ್ದೆ ಕೈ ಇರಬಾರದು, ಒರಟು ಉಗುರು ಇರಬಾರದು. ಉಗುರಿನ ಅಂಚಿಗೆ ರೇಷ್ಮೆ ಸಿಕ್ಕಿದರೆ ಎಳೆ ಸೀಳುತ್ತದೆ. ಮೊದಲು ಎಳೆ ಕೊಟ್ಟೆ. ಸ್ವಲ್ಪ ಹೊತ್ತಾದ ಮೇಲೆ ಅವಳೇ ನನ್ನ ಕೈಯಲ್ಲಿ ಕೊಂಡಿ ಹಾಕಿಸಿದಳು. ‘ನಿನ್ನ ಸೀರಿ, ನಾಲ್ಕು ಕೊಂಡಿ ನೀನೂ ಹಾಕು’ ಅಂದಳು. ನಾಲ್ಕಲ್ಲ, ಒಂದು ಹಿಡಿಯಷ್ಟು ಹಾಕಿದೆ. ಬಲಗಡೆ ದಡಿಯಿಂದ ನಾಲ್ಕು ಬೆರಳು ಒಳಗೆ ನಾನು ಹಾಕಿದ ಕೊಂಡಿಗಳಿವೆ.

ಆ ಕೆಲಸಕ್ಕೇ ಇಡೀ ದಿನ ಹೋಯಿತು. ಸಂಜೆ ಆಯಿ ಎದ್ದಾಗ ಅವಳ ಸೊಂಟ ನೆಟ್ಟಗಾಗಲು ಬಹಳ ಹೊತ್ತು ಬೇಕಾಯಿತು. ಈ ಕೆಲಸ ಸೀರೆ ನೇಯುವ ಲೆಕ್ಕದಲ್ಲೇ ಸೇರಿರುತ್ತದೆ. ಬೇರೆ ಕೂಲಿ ಅಂತ ಆ ಮನೆಯ ಹೆಂಗಸರಿಗೆ ಯಾರೂ ಕೊಡುತ್ತಿರಲಿಲ್ಲ. ಆಗ ನನಗೆ ಅದು ಹೊಳೆಯಲಿಲ್ಲ. ಈಗ ಸೀರೆ ಬಿಚ್ಚಿದಾಗೆಲ್ಲ ನೆನಪಾಗುತ್ತದೆ.

ಮರುದಿನದಿಂದ ಕಾಕಾ ನೇಯಲು ಕೂತ. ದಡಿಗೆ ಮಾವ ಚಿಕ್ಕಿ ಪರಾಸ ಹೇಳಿದ್ದ, ಸಣ್ಣ ಸಣ್ಣ ಚಿಕ್ಕಿ ಸಾಲಾಗಿ ಬರುವಂಥದು. ನನಗೆ ಗೋಮಿ ದಡಿಯೇ ಇಷ್ಟವಿತ್ತು, ಆದರೆ ಆಗ ಬಾಯಿ ಬಿಟ್ಟು ಹೇಳುವ ಧೈರ್ಯ ಇರಲಿಲ್ಲ. ಉಟ್ಟ ಮೇಲೆ ಚಿಕ್ಕಿ ಪರಾಸವೇ ಸರಿ ಅನ್ನಿಸಿತು. ನೇಯುವಾಗ ಬಲು ಕಷ್ಟದ್ದು ಕೊಂಡಿ ಮಗ್ಗದ ಹಣಿಗೆ ದಾಟುವ ಜಾಗ. ಮಡಿಕೆಗೆ ಮಡಿಕೆ ಸಿಕ್ಕಿ ಅಲ್ಲಿ ಎಳೆ ದಪ್ಪಗಾಗಿರುತ್ತದೆ, ಹಣಿಗೆಯ ಸಂದು ಸಣ್ಣದು. ರಭಸದಿಂದ ಎಳೆದರೆ ಕೊಂಡಿ ಹರಿಯುತ್ತದೆ. ಕಾಕಾ ಆ ಹೊತ್ತಿಗೆ ಮಕ್ಕಳನ್ನೆಲ್ಲ ಹೊರಗೆ ಕಳಿಸಿ, ಬೆರಳಿನಿಂದ ಸವರಿ ಸವರಿ ಒಂದೊಂದು ಸಂದು ದಾಟಿಸಿದ.

ಸೆರಗು ಟೋಪು ತೆನಿ. ಮೂರು ಕಡೆ ಅಪ್ಪಟ ಕೆಂಪು, ಅವುಗಳ ನಡುವೆ ಎರಡು ಕಡೆ ಬಿಳಿ. ಕೆಂಪು ಬಿಳಿ ಸೇರುವ ಕಡೆ ಹಲ್ಲು ಹಲ್ಲಾಗಿ ಗುಡಿಯ ಗೋಪುರದ ಥರ ಮೇಲೆದ್ದಿರುತ್ತದೆ. ತೆನಿ ಅಂದರೆ ನಮ್ಮ ಜೋಳದ ತೆನೆಯೇ. ನಿನಗೆ ಫೋಟೋದಲ್ಲಿ ಕಂಡ ಬಿಳಿ ಪಟ್ಟಿ ಇದೇ. ಮಗ್ಗದಿಂದ ಇಳಿಸಿದ ದಿನ ಮಾವ ಸೀರೆಯನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿಲ ಬೆಳಕಿಗೆ ಎತ್ತಿದ. ಆಗ ಆಯಿ ಬೆರಳಿಟ್ಟು ತೋರಿಸಿದಳು. ನಾನು ಕೊಂಡಿ ಹಾಕಿದ ಕಡೆ ಒಂದು ಎಳೆ ಬಿಟ್ಟುಹೋಗಿತ್ತು. ಒಂದೇ ಒಂದು. ಅಲ್ಲಿಂದ ಸೆರಗಿನ ತುದಿವರೆಗೆ, ದಡಿಗೆ ಸಮವಾಗಿ, ಕೂದಲಿನಷ್ಟು ಸಣ್ಣ ಗೆರೆ. ಬೆಳಕಿಗೆ ಹಿಡಿಯದಿದ್ದರೆ ಕಾಣುವುದೇ ಇಲ್ಲ. ನನಗೆ ಅಳುವೇ ಬಂತು. ಕಾಕಾ, ‘ತಪ್ಪಿದ ಎಳಿ ನೇಯ್ಗಿ ಮುಗದ ಮ್ಯಾಲ ಸೇರಸಾಕ ಬರಂಗಿಲ್ಲವ್ವ, ಇರಲಿ ಬಿಡು’ ಅಂದ. ಆಯಿ ಮಾತ್ರ ನನ್ನ ಗಲ್ಲ ಹಿಡಿದು, ‘ಊರಾಗಿನ ಸೀರಿಯೆಲ್ಲಾ ಒಂದ ನಮೂನಿ ಇರ್ತಾವ. ಇದು ಎಲ್ಲಿ ಇದ್ರೂ ನಿಂದs ಅಂತ ಗುರ್ತು ಹಿಡೀತಿ’ ಅಂದಳು.

ಸೀರೆ ಹದಿನಾರು ಮೊಳ, ಅಂದರೆ 8 ಗಜ. ಕಚ್ಚೆ ಹಾಕಿ ಉಡುವವರಿಗೆ ಅಷ್ಟು ಬೇಕು. ಕುಪ್ಪಸಕ್ಕೆ ಗುಳೇದಗುಡ್ಡದ ಖಣ. ಮದುವೆಯ ದಿನ ಬೆಳಗಿನ ಜಾವ ಅತ್ತಿ ಉಡಿಸಿದಳು. ಹತ್ತಿ ಸೀರೆ ಉಟ್ಟು ರೂಢಿಯಾದವಳಿಗೆ ರೇಷ್ಮೆ ನಿಲ್ಲುತ್ತಲೇ ಇರಲಿಲ್ಲ, ನಿರಿಗೆ ಜಾರುತ್ತಿತ್ತು. ಅತ್ತಿ ಒಳಗೆ ಹತ್ತಿಯ ಲಾಡಿ ಬಿಗಿದು ಕಟ್ಟಿ, ಅದರ ಮೇಲೆ ನಿರಿಗೆ ಸಿಕ್ಕಿಸಿದಳು. ಆಮೇಲೆ ನಿಂತಿತು. ಹೊಸ ರೇಷ್ಮೆ ನಡೆದಾಗ ಸಣ್ಣಗೆ ಸದ್ದು ಮಾಡುತ್ತದೆ. ಹಂದರದಲ್ಲಿ ಅಷ್ಟು ವಾಲಗ, ಅಷ್ಟು ಗದ್ದಲ, ಆದರೂ ನನಗೆ ಆ ಸದ್ದು ಕೇಳುತ್ತಿತ್ತು. ಮದುವೆ ಬಗ್ಗೆ ನನಗೆ ಬೇರೆ ಜಾಸ್ತಿ ನೆನಪಿಲ್ಲ. ತಲೆ ತಗ್ಗಿಸಿಯೇ ಇದ್ದೆ. ಕಂಡದ್ದು ನನ್ನ ಮಡಿಲಲ್ಲಿ ಬಿದ್ದ ಅಕ್ಷತೆ, ಈ ಹಸಿರು, ಈ ಕೆಂಪು.

ಇನ್ನು ಸೀರೆಗೆ ಆಗಿರುವ ಎರಡು ಪೆಟ್ಟು ಹೇಳಿಬಿಡುತ್ತೇನೆ. ನೀನು ಬಿಚ್ಚಿ ನೋಡಿದಾಗ ಗಾಬರಿಯಾಗಬಾರದು.

ಒಂದು, ಬಿಳಿ ಪಟ್ಟಿಯ ಒಂದು ಮೂಲೆ ಗುಲಾಬಿ ಬಣ್ಣಕ್ಕೆ ತಿರುಗಿದೆ. ಆಗ ನಮ್ಮದು ಮಣ್ಣಿನ ಮಾಳಿಗೆ. ನಿನ್ನಪ್ಪ ಚಿಕ್ಕವನಿದ್ದಾಗ ಒಂದು ಮಳೆಗಾಲದಲ್ಲಿ ಮಾಳಿಗೆ ಸೋರಿ ಟ್ರಂಕಿನೊಳಗೆ ನೀರು ಇಳಿದಿತ್ತು. ನಮಗೆ ಗೊತ್ತಾದದ್ದು ಎರಡು ದಿನ ಬಿಟ್ಟು. ಕೆಂಪು ಬಣ್ಣ ಬಿಟ್ಟು ಬಿಳಿಗೆ ಹತ್ತಿತ್ತು. ನೆನೆದದ್ದಕ್ಕಿಂತ ನೆನೆದು ಮಡಿಚಿದ ಹಾಗೇ ಇದ್ದದ್ದು ಕೆಟ್ಟದ್ದು. ಕೆಂಪಿನ ಮೈ ಬಿಳಿಗೆ ಒತ್ತಿಕೊಂಡು ಎರಡು ದಿನ ಕೂತಿತ್ತು. ಯಾವತ್ತಾದರೂ ನಿನ್ನ ಕೈಯಲ್ಲಿ ಇದು ನೆನೆದರೆ ಕೂಡಲೇ ಬಿಚ್ಚು. ಮಡಿಕೆಗಳ ನಡುವೆ ಬಿಳಿ ಬಟ್ಟೆ ಹಾಸು, ನೆರಳಲ್ಲಿ ಚಪ್ಪಟೆಯಾಗಿ ಒಣಗಿಸು. ಹಿಂಡಬೇಡ, ಬಿಸಿನೀರು ಮುಟ್ಟಿಸಬೇಡ. ನಾನು ಆಮೇಲೆ ಎಷ್ಟೋ ಸಲ ತಣ್ಣೀರಿನಲ್ಲಿ ಜಾಲಿಸಿದೆ. ಆ ಗುಲಾಬಿ ಹೋಗಲಿಲ್ಲ.

ಎರಡನೆಯದು ಪೂರ್ತಿ ನನ್ನ ತಪ್ಪು. ನಿಮ್ಮಜ್ಜ ತೀರಿಕೊಂಡ ಮೇಲೆ ಹತ್ತು ವರ್ಷ ಆ ಟ್ರಂಕು ತೆಗೆಯಲಿಲ್ಲ. ಮನಸ್ಸಾಗಲಿಲ್ಲ. ರೇಷ್ಮೆ ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇದ್ದರೆ ಆ ಗೆರೆಯಲ್ಲೇ ಸಾಯುತ್ತದೆ. ಮೊದಲು ಮಡಿಕೆಯ ಗೆರೆಯಲ್ಲಿ ಹೊಳಪು ಹೋಗುತ್ತದೆ, ಬೆರಳಾಡಿಸಿದರೆ ಒಣ ಎಲೆ ಮುಟ್ಟಿದ ಹಾಗಿರುತ್ತದೆ. ಆಗಲೇ ಎಚ್ಚರವಾಗಬೇಕು. ನಾನು ತೆಗೆಯುವ ಹೊತ್ತಿಗೆ ಒಡಲಿನ ನಡುವೆ ಎರಡು ಬೆರಳುದ್ದ ಸೀಳಿತ್ತು. ಬಜಾರದಲ್ಲಿ ಒಬ್ಬರು ಹೊರಗಿನ ದಾರದಿಂದ ರಫೂ ಮಾಡಿಕೊಡುತ್ತೇನೆ ಅಂದರು. ಆ ದಾರ ದಪ್ಪ, ಹಸಿರೂ ಬೇರೆ. ಹೊಲಿದ ಕಡೆ ಗಟ್ಟಿಯಾಗಿ, ಪಕ್ಕದ ಹಳೆ ರೇಷ್ಮೆ ಹರಿಯುತ್ತಿತ್ತು. ಬೇಡ ಅಂತ ಮನೆಗೆ ತಂದು, ಸೀರೆಯ ಒಳತುದಿಯಿಂದಲೇ, ಸೊಂಟಕ್ಕೆ ಸಿಕ್ಕಿಸುವ ಕಡೆಯಿಂದ, ಒಂದೊಂದು ಹಸಿರು ಎಳೆ ಬಿಡಿಸಿಕೊಂಡು ನಾನೇ ನೇಯ್ದ ಹಾಗೆ ಹೊಲಿದೆ. ಒಂದು ಮೇಲೆ, ಒಂದು ಕೆಳಗೆ. ಮೂರು ಮಧ್ಯಾಹ್ನ ಹಿಡಿಯಿತು. ಆಗ ನನ್ನ ಕಣ್ಣು ಚೆನ್ನಾಗಿತ್ತು.

ಈಗ ಮೂರು ತಿಂಗಳಿಗೊಮ್ಮೆ ಬಿಚ್ಚಿ, ಬೇರೆ ಗೆರೆಗೆ ಮಡಿಚುತ್ತೇನೆ. ನಿಮ್ಮಜ್ಜನ ಹಳೆ ಧೋತರದಲ್ಲಿ ಸುತ್ತಿಟ್ಟಿದ್ದೇನೆ. ಬೇವಿನ ಎಲೆ ಇಡುತ್ತೇನೆ, ಆದರೆ ಪೂರ್ತಿ ಒಣಗಿದ್ದು, ಅದೂ ಧೋತರದ ಹೊರಗೆ. ಹಸಿ ಎಲೆ ಒಳಗಿಟ್ಟರೆ ಕಲೆ ಬೀಳುತ್ತದೆ. ನೀವು ಬೀರುವಿನಲ್ಲಿ ಇಡುವ ಬಿಳಿ ಗುಳಿಗೆಯನ್ನು ರೇಷ್ಮೆಗೆ ತಾಗಿಸಬೇಡ.

ನೀನು ಅಂಗಡಿಯಲ್ಲಿ ನೋಡಿದ ಸೀರೆಯ ಮಾತು. ಕೊಳ್ಳಬೇಡ ಅನ್ನುವುದಿಲ್ಲ. ಆದರೆ ಕೊಳ್ಳುವ ಮೊದಲು ಸೆರಗಿನ ಬುಡವನ್ನು ಮಗುಚಿ ಹಿಂಬದಿ ನೋಡು. ಒಡಲಿನ ಬಣ್ಣ ಒಂದೇ ಗೆರೆಯಲ್ಲಿ ಕಡಿದ ಹಾಗೆ ನಿಂತು, ಅಲ್ಲಿಂದ ಅಪ್ಪಟ ಕೆಂಪು ಶುರುವಾಗಬೇಕು. ಗೆರೆಯ ಮೇಲೆ ಉಗುರು ಆಡಿಸಿದರೆ ಸಣ್ಣ ಸಣ್ಣ ಮಣಿ ಪೋಣಿಸಿದ ಹಾಗೆ ಕೊಂಡಿ ಸಿಗುತ್ತವೆ. ಸೆರಗಿನ ಕೆಂಪಿನೊಳಗೆ ಒಡಲಿನ ಬಣ್ಣ ಇಣುಕಿದರೆ ಅದು ಕೊಂಡಿ ಹಾಕಿದ್ದಲ್ಲ, ಹೊಕ್ಕು ಬದಲಿಸಿದ್ದು ಅಷ್ಟೇ. ಹೊಲಿಗೆ ಕಂಡರೆ ಸೆರಗನ್ನು ಬೇರೆ ಕಡೆ ನೇಯ್ದು ಜೋಡಿಸಿದ್ದು. ರೇಷ್ಮೆಯೋ, ಚಮಕಾ ಅನ್ನುವ ಕೃತಕ ರೇಷ್ಮೆಯೋ ಅಂತ ಅನುಮಾನ ಬಂದರೆ ಸೆರಗಿನ ಕುಚ್ಚಿನಿಂದ ಒಂದು ಎಳೆ ಕೇಳಿ ತೆಗೆದು ಸುಡು. ರೇಷ್ಮೆ ಸುಟ್ಟರೆ ಕೂದಲು ಸುಟ್ಟ ವಾಸನೆ, ಉಳಿದ ಕರಿ ಬೆರಳಲ್ಲಿ ಪುಡಿಯಾಗುತ್ತದೆ. ಚಮಕಾ ಕಾಗದದ ಹಾಗೆ ಭಗ್ಗನೆ ಉರಿದುಹೋಗುತ್ತದೆ. ಚಮಕಾ ಕೆಟ್ಟದ್ದಲ್ಲ, ನಾನೂ ಉಟ್ಟಿದ್ದೇನೆ. ರೇಷ್ಮೆಯ ದುಡ್ಡು ಕೊಟ್ಟು ಚಮಕಾ ತರಬಾರದು, ಅಲ್ವಾ?

ಇಲ್ಲಾ, ಇದನ್ನೇ ಉಡುತ್ತೇನೆ ಅಂದರೆ ನನಗೆ ಅದಕ್ಕಿಂತ ಸಂತೋಷ ಇನ್ನೊಂದಿಲ್ಲ. ನೀನು ಕಚ್ಚೆ ಹಾಕುವವಳಲ್ಲ, ನಿನಗೆ ಎರಡು ಗಜ ಜಾಸ್ತಿಯಾಗುತ್ತದೆ. ದಯವಿಟ್ಟು ಕತ್ತರಿಸಬೇಡ. ಸೊಂಟಕ್ಕೆ ಒಳಗಡೆ ಇನ್ನೊಂದು ಸುತ್ತು ತಾ, ಉಳಿದದ್ದು ನಿರಿಗೆಗೆ ಹೋಗಲಿ. ಎರಡು ನಿರಿಗೆ ಜಾಸ್ತಿ ಬಂದರೆ ಚೆಂದವೇ. ರಫೂ ಮಾಡಿದ ಜಾಗ ಆ ಒಳಸುತ್ತಿನಲ್ಲಿ ಬರುವ ಹಾಗೆ ನಾನು ಉಡಿಸಿಕೊಡುತ್ತೇನೆ. ಆ ಕಡೆ ಭಾರ ಬೀಳಬಾರದು, ಪಿನ್ನು ಚುಚ್ಚಬಾರದು. ಹೆಗಲ ಮೇಲೂ ಪಿನ್ನು ಹಾಕುವುದಾದರೆ ದಡಿಗೆ ಹಾಕು, ಕೊಂಡಿಯ ಗೆರೆಗೆ ಹಾಕಬೇಡ. ಅಲ್ಲಿ ಒಂದು ಕೊಂಡಿ ಹರಿದರೆ ಒಡಲಿನ ಎಳೆ, ಸೆರಗಿನ ಎಳೆ ಎರಡೂ ಬಿಡುತ್ತವೆ.

ದಸರಾ ರಜಕ್ಕೆ ಬರುವಾಗ ನಾಲ್ಕು ಮೊಳ ಬಿಳಿ ಹತ್ತಿ ಬಟ್ಟೆ ತಾ. ಗಂಜಿ ಹಾಕದ್ದು. ಈ ಧೋತರ ಹಣ್ಣಾಗಿದೆ. ಉಗುರು ಚೆನ್ನಾಗಿ ಕತ್ತರಿಸಿಕೊಂಡು ಬಾ. ಬೆಳಿಗ್ಗೆ ಪಡಸಾಲೆಯಲ್ಲಿ ಬಿಸಿಲು ಬರುವ ಮೊದಲು, ಬಾಗಿಲ ಬೆಳಕಿಗೆ ಇಬ್ಬರೂ ಸೆರಗು ಹಿಡಿಯೋಣ. ಬಲಗಡೆ ದಡಿಯಿಂದ ನಾಲ್ಕು ಬೆರಳು ಒಳಗೆ ನೋಡು. ನನ್ನ ಕಣ್ಣಿಗೆ ಆ ಗೆರೆ ಈಗ ಕಾಣುವುದಿಲ್ಲ. ನೀನು ನೋಡಿ ಹೇಳು.

ಇಂತಿ ನಿನ್ನ ಅಜ್ಜಿ